ಪ್ಲಾಸ್ಟಿಕ್ಕಿನೊಳಗಿನ ಡಿ.ಡಿ.

ನನ್ನ ಗಂಡನ ಕೈಗೆ ಒಂದು ಕಾಗದ ಸಿಕ್ಕರೆ ಮುಗಿಯಿತು, ಅದನ್ನು ಪ್ಲಾಸ್ಟಿಕ್ಕಿನೊಳಗೆ ಸೇರಿಸುವವರೆಗೆ ಅವರಿಗೆ ಸಮಾಧಾನವಿಲ್ಲ. ನಮ್ಮದು ಜೆರಾಕ್ಸ್ ಮತ್ತು ಲ್ಯಾಮಿನೇಶನ್ ಅಂಗಡಿ. ಎಂಟಡಿ ಅಗಲ, ಹತ್ತಡಿ ಉದ್ದ. ಜೆರಾಕ್ಸ್ ಯಂತ್ರದ ಹತ್ತಿರ ನಾನು, ಲ್ಯಾಮಿನೇಶನ್ ಯಂತ್ರದ ಹತ್ತಿರ ಅವರು, ನಡುವೆ ಒಬ್ಬ ಗಿರಾಕಿ ನಿಂತರೆ ಗಂಡ ಹೆಂಡತಿ ಮುಖ ನೋಡಿಕೊಳ್ಳುವ ಹಾಗಿಲ್ಲ. ಮನೆಯಲ್ಲಿ ಗ್ಯಾಸ್ ಪುಸ್ತಕದ ಮೊದಲ ಹಾಳೆ, ನನ್ನ ಕನ್ನಡಕದ ಚೀಟಿ, ಮಗಳು ಮೂರು ವರ್ಷದವಳಿದ್ದಾಗ ಗೀಚಿದ ಬೆಕ್ಕು, ಎಲ್ಲವೂ ಲ್ಯಾಮಿನೇಟ್ ಆಗಿ ಥಳಥಳ ಹೊಳೆಯುತ್ತಾ ಕೂತಿವೆ. ಬೆಕ್ಕಿಗೆ ಐದು ಕಾಲಿವೆ, ಇರಲಿ.

ನಾನು ಹೇಳುತ್ತಿರುವುದು ಮೊಬೈಲಿನಲ್ಲೇ ಫೀಸು ಕಟ್ಟುವ ಕಾಲಕ್ಕಿಂತ ಮುಂಚಿನ ಮಾತು. ನಮ್ಮ ಒಬ್ಬಳೇ ಮಗಳಿಗೆ ನರ್ಸಿಂಗ್ ಕಾಲೇಜಿನಲ್ಲಿ ಸೀಟು ಸಿಕ್ಕಿತ್ತು. ಕಾಲೇಜು ನಮ್ಮ ಊರಲ್ಲಲ್ಲ, ಬಸ್ಸಿನಲ್ಲಿ ಮೂರು ಗಂಟೆಯ ದಾರಿ. ಪತ್ರದಲ್ಲಿ ಕಡ್ಡಿ ಮುರಿದ ಹಾಗೆ ಬರೆದಿದ್ದರು: ಮೊದಲ ವರ್ಷದ ಫೀಸು ಶುಕ್ರವಾರ ಮಧ್ಯಾಹ್ನ ಮೂರರ ಒಳಗೆ ಬರಬೇಕು, ಪ್ರಾಂಶುಪಾಲರ ಹೆಸರಿಗೆ, ಆ ಊರಿನಲ್ಲಿ ಪಾವತಿಯಾಗುವ ಡಿಮ್ಯಾಂಡ್ ಡ್ರಾಫ್ಟ್, ಅಂದರೆ ಡಿ.ಡಿ. ಮೂಲಕ. ನಗದು ಇಲ್ಲ, ಚೆಕ್ ಇಲ್ಲ. ಬಾರದಿದ್ದರೆ ಸೀಟು ಕಾಯುವ ಪಟ್ಟಿಯಲ್ಲಿ ಮುಂದಿರುವವರಿಗೆ. ಮಗಳು ಆ ಪತ್ರವನ್ನು ಓದಿ ಓದಿ ಬಾಯಿಪಾಠ ಮಾಡಿಕೊಂಡಿದ್ದಳು.

ದುಡ್ಡು ಇತ್ತು. ಆರು ವರ್ಷದಿಂದ ನನ್ನ ಖಾತೆಯಲ್ಲಿ ಕೂಡಿಟ್ಟಿದ್ದೆವು. ನನ್ನ ಖಾತೆ ಯಾಕೆ ಅಂದರೆ, ನನ್ನ ಗಂಡನನ್ನು ಯಾರು ಬೇಕಾದರೂ ಎರಡು ಒಳ್ಳೆಯ ಮಾತಾಡಿ ಕರಗಿಸಬಹುದು. ನನ್ನನ್ನು ಕರಗಿಸುವುದು ಅಷ್ಟು ಸುಲಭವಲ್ಲ, ಊರಿಗೆಲ್ಲ ಗೊತ್ತು.

ನನ್ನ ಭಾವ, ಅಂದರೆ ನನ್ನ ಗಂಡನ ಅಣ್ಣ, ಕಟ್ಟಡ ಕಂಟ್ರಾಕ್ಟರು. ವಿಷಯ ಕೇಳಿದವರೇ ಅಂಗಡಿಗೆ ಬಂದು ಜೇಬಿನಿಂದ ಚೆಕ್ ಪುಸ್ತಕ ತೆಗೆದರು. ಡಿ.ಡಿ. ಅಂತ ಬ್ಯಾಂಕಿಗೆ ಯಾಕೆ ಅಲೆಯುತ್ತೀರಿ, ನನ್ನ ಚೆಕ್ ಕೊಡಿ, ನನ್ನ ಸಹಿ ನೋಡಿದರೆ ಬ್ಯಾಂಕಿನವರು ಎದ್ದು ನಿಲ್ಲುತ್ತಾರೆ, ನೀವು ನಿಧಾನಕ್ಕೆ ತೀರಿಸಿ ಅಂದರು. ಮನಸ್ಸು ದೊಡ್ಡದೇ. ಆದರೆ ಟೈಲ್ಸಿನವನು ಒಂದು ಸೊಟ್ಟ ಕೂರಿಸಿದರೆ ಸಾಕು, ಕೊಟ್ಟ ಚೆಕ್ಕನ್ನು ಬ್ಯಾಂಕಿಗೆ ಹೇಳಿ ತಡೆಹಿಡಿಸುವವರೂ ಇವರೇ. ಭಾವ, ಕಾಲೇಜಿನವರು ಚೆಕ್ ಬೇಡ ಅನ್ನೋದು ನಿಮ್ಮಂಥವರಿಗೆ ಹೆದರಿಯೇ ಅಂದೆ. ಅವರು ನಕ್ಕು ಪುಸ್ತಕ ಜೇಬಿಗೆ ಹಾಕಿಕೊಂಡರು.

ಬುಧವಾರ ಬೆಳಿಗ್ಗೆ ನಾನು, ಮಗಳು ಬ್ಯಾಂಕಿಗೆ ಹೋದೆವು. ಕೌಂಟರಿನಲ್ಲಿ ಬೋಳುತಲೆಯ ಗುಮಾಸ್ತರು, ಎಲ್ಲರಿಗೂ ಪಾಠ ಹೇಳುವ ಚಟದವರು. ಮಗಳು ಸುಮ್ಮನಿರಲಾರದೆ ಪೇ ಆರ್ಡರ್ ಆದರೆ ಆಗುವುದಿಲ್ಲವೇ ಅಂತ ಕೇಳಿದಳು. ಶುರುವಾಯಿತು ಪಾಠ. ಚೆಕ್ ಅಂದರೆ ಖಾತೆಯವನು ಕೊಡುವ ಮಾತು. ಖಾತೆಯಲ್ಲಿ ದುಡ್ಡಿಲ್ಲದಿದ್ದರೆ, ಸಹಿ ಹೊಂದದಿದ್ದರೆ, ಅವನೇ ಬೇಡವೆಂದರೆ, ವಾಪಸ್ಸು. ಪೇ ಆರ್ಡರ್ ಮತ್ತು ಡಿ.ಡಿ. ಬ್ಯಾಂಕೇ ಕೊಡುವ ಮಾತು. ದುಡ್ಡನ್ನು ಮೊದಲೇ ನಮ್ಮಿಂದ ತೆಗೆದಿಟ್ಟುಕೊಂಡಿರುತ್ತದೆ, ಹಾಗಾಗಿ ದುಡ್ಡಿಲ್ಲವೆಂದು ವಾಪಸ್ಸು ಬರುವ ಮಾತೇ ಇಲ್ಲ. ಇದೇ ಊರಿನಲ್ಲಿ ಕೊಡುವುದಾದರೆ ಪೇ ಆರ್ಡರ್ ಸಾಕು, ಬೇರೆ ಊರಿನ ಶಾಖೆಯಲ್ಲಿ ಪಾವತಿಯಾಗಬೇಕಾದರೆ ಡಿ.ಡಿ. ಮೂರಕ್ಕೂ ಆಯಸ್ಸು ಮೂರೇ ತಿಂಗಳು.

ಅರ್ಜಿ ತುಂಬಿ ನಾನು ಸಹಿ ಹಾಕಿದೆ, ಖಾತೆಯಿಂದ ದುಡ್ಡು ಹೋಯಿತು, ಇಬ್ಬರು ಅಧಿಕಾರಿಗಳ ಸಹಿ ಬಿದ್ದು ಡಿ.ಡಿ. ಕೈಗೆ ಬಂತು. ಆರು ವರ್ಷದ ದುಡಿಮೆ, ಅಂಗೈಯಗಲದ ಒಂದು ಕಾಗದ. ನೇರ ಅಂಗಡಿಗೆ ಹೋಗಿ ಗಂಡನ ಕೈಗೆ ಕೊಟ್ಟು ಜೋಪಾನ ಅಂದೆ. ಆ ಒಂದು ಪದವನ್ನು ಅವರಿಗೆ ನಾನು ಹೇಳಬಾರದಿತ್ತು.

ನಾನು ಊಟಕ್ಕೆ ಮನೆಗೆ ಹೋದೆ. ಅವರು ಮೊದಲು ಒಂದು ಖಾಲಿ ಹಾಳೆ ಹಾಕಿ ಯಂತ್ರದ ಬಿಸಿ ಪರೀಕ್ಷೆ ಮಾಡಿದರಂತೆ. ಗಿರಾಕಿಗಳಿಗೆ ತೋರಿಸಿಯೂ ಇರದ ದಪ್ಪನೆಯ ಪ್ಲಾಸ್ಟಿಕ್ ಪೌಚನ್ನು ಕಪಾಟಿನ ಮೇಲಿನಿಂದ ಇಳಿಸಿದರಂತೆ. ಒಂದು ಗುಳ್ಳೆ ಬೀಳದ ಹಾಗೆ ಡಿ.ಡಿ.ಯನ್ನು ಲ್ಯಾಮಿನೇಟ್ ಮಾಡಿ, ಅಂಚು ಕತ್ತರಿಸಿ, ಮೂಲೆಗಳನ್ನು ದುಂಡಗೆ ಮಾಡಿ, ಕವರಿನೊಳಗೆ ಹಾಕಿ ಅಂಟಿಸಿದರು. ನಮಗೆ ಹೇಳಲಿಲ್ಲ. ಅದನ್ನು ನೋಡಿ ನಾವು ಖುಷಿಪಡಬೇಕೆಂದು ಅವರ ಆಸೆ.

ಗುರುವಾರ ಮೂವರೂ ಹೊರಟೆವು. ಕೊನೆಯ ದಿನಕ್ಕೆ ಇಟ್ಟುಕೊಳ್ಳುವುದು ಬೇಡ, ಒಂದು ದಿನ ಮೊದಲೇ ಹೋಗೋಣ ಅಂತ ಹಟ ಹಿಡಿದವಳು ನಾನು. ಇಡೀ ದಾರಿ ಅವರು ಕವರನ್ನು ಅಂಗಿಯೊಳಗೆ ಎದೆಗೆ ಒತ್ತಿಕೊಂಡೇ ಕೂತಿದ್ದರು. ನಿದ್ದೆ ಬಂದರೂ ಕೈ ಸಡಿಲವಾಗಲಿಲ್ಲ.

ಕಾಲೇಜಿನ ಫೀಸು ಕೌಂಟರಿನ ಮುಂದೆ ಉದ್ದ ಸಾಲು. ತಂದೆಯರು, ತಾಯಂದಿರು, ಕೈಯಲ್ಲಿ ಫೈಲು ಹಿಡಿದ ಹುಡುಗಿಯರು. ಎರಡು ಗಂಟೆಯ ಹೊತ್ತಿಗೆ ನಮ್ಮ ಸರದಿ ಬಂತು. ನನ್ನ ಗಂಡ ಕವರು ಹರಿದು, ಎರಡು ಕೈಯಲ್ಲಿ ಹಿಡಿದು ಕಿಟಕಿಯೊಳಗೆ ಕೊಟ್ಟರು. ಬೆಳಕಿಗೆ ಅದು ಮಿಂಚಿತು.

ಕೌಂಟರಿನ ಮನುಷ್ಯ ಅದನ್ನು ಬಗ್ಗಿಸಿ ನೋಡಿದ, ತಿರುಗಿಸಿ ನೋಡಿದ, ಪಕ್ಕದವಳಿಗೆ ತೋರಿಸಿದ. ಅವಳು ಬಾಯಿಗೆ ಕೈ ಅಡ್ಡ ಹಿಡಿದುಕೊಂಡಳು. ಹಿಂಬದಿಗೆ ಕಾಲೇಜಿನ ಸೀಲು ಒತ್ತಬೇಕು, ಬ್ಯಾಂಕಿಗೆ ಕಟ್ಟಬೇಕು, ಅವರು ಕಾಗದವನ್ನು ಮುಟ್ಟಿ ನೋಡಬೇಕು, ಪ್ಲಾಸ್ಟಿಕ್ಕಿನೊಳಗಿರುವುದನ್ನು ಯಾವ ಬ್ಯಾಂಕೂ ತೆಗೆದುಕೊಳ್ಳುವುದಿಲ್ಲ ಅಂದ. ಬಯ್ಯಲಿಲ್ಲ, ಪಾಪ. ಸಾಲಿನಲ್ಲಿ ಯಾರೋ ಕಿಸಕ್ಕೆಂದರು.

"ಬಸ್ಸಲ್ಲಿ ಯಾರದಾದ್ರೂ ನೀರು ಚೆಲ್ಲಿದ್ರೆ ಅಂತ ಮಾಡಿದೆ ಸರ್," ಅಂದರು ನನ್ನ ಗಂಡ. "ಒಳಗಡೆ ಕಾಗದ ಹಾಗೇ ಇದೆ. ಒಂದು ಗುಳ್ಳೆನೂ ಇಲ್ಲ ನೋಡಿ."

ಆಗ ನಾನು ಬಾಯಿ ಬಿಟ್ಟೆ. ಬಿಡಬಾರದಿತ್ತು, ಬಿಟ್ಟೆ.

"ಮಗಳ ಜೀವನಾನೇ ಅಂಟಿಸಿಬಿಟ್ರಲ್ರೀ! ನಿಮ್ಮ ಕೈಗೆ ಏನು ಕೊಟ್ಟರೂ ಇಷ್ಟೇ. ನಿಮ್ಮ ಕೈಗೆ ಕೊಟ್ಟಿದ್ದೇ ನನ್ನ ತಪ್ಪು."

ಕಿಸಕ್ಕೆಂದವರೂ ನೆಲ ನೋಡಿದರು. ನನ್ನ ಗಂಡ ಡಿ.ಡಿ.ಯನ್ನು ವಾಪಸ್ಸು ತೆಗೆದುಕೊಳ್ಳಲೂ ಇಲ್ಲ, ಕೈ ಹಿಂದಕ್ಕೆ ಕಟ್ಟಿಕೊಂಡು ನಿಂತರು. ಮಗಳೇ ಕೈ ಚಾಚಿ ಅದನ್ನು ತೆಗೆದುಕೊಂಡಳು.

ಕೌಂಟರಿನವನು ಎದುರು ರಸ್ತೆಯಲ್ಲಿ ಅದೇ ಬ್ಯಾಂಕಿನ ಶಾಖೆ ಇದೆ, ಕೇಳಿ ನೋಡಿ ಅಂದ. ಓಡಿದೆವು. ಅಲ್ಲಿನ ಅಧಿಕಾರಿ ನನ್ನ ಮಗಳಿಗಿಂತ ಏಳೆಂಟು ವರ್ಷ ದೊಡ್ಡವಳಿರಬೇಕು. ಮೊದಲು ನಮಗೆ ಕೂರಲು ಹೇಳಿದಳು, ಆಮೇಲೆ ನೀರು ತರಿಸಿದಳು, ಆಮೇಲೆ ಡಿ.ಡಿ. ನೋಡಿದಳು. ಕಾಲೇಜಿನವರು ಇದನ್ನು ಪುಸ್ತಕದಲ್ಲಿ ಬರೆದುಕೊಂಡರೇ ಎಂದು ಕೇಳಿದಳು. ಇಲ್ಲ, ಕಿಟಕಿಯಿಂದಲೇ ವಾಪಸ್ಸು ಕೊಟ್ಟರು ಅಂದೆವು. ಹಾಗಾದರೆ ದಾರಿ ಇದೆ ಅಂದಳು. ಆದರೆ ದಾರಿ ಇಲ್ಲಿಲ್ಲ. ಡಿ.ಡಿ. ಕೊಂಡ ಶಾಖೆಗೇ ಹೋಗಬೇಕು, ಕೊಂಡವರೇ ಅರ್ಜಿ ಕೊಡಬೇಕು, ಅಸಲು ಕಾಗದವನ್ನು ಒಪ್ಪಿಸಬೇಕು. ಅವರು ಅದನ್ನು ರದ್ದು ಮಾಡಿ ದುಡ್ಡನ್ನು ಖಾತೆಗೆ ಹಾಕಿ ಹೊಸದು ಬರೆದುಕೊಡುತ್ತಾರೆ.

ಇಲ್ಲಿಯೇ ಒಂದು ಪೇ ಆರ್ಡರ್ ಕೊಡಲಾಗದೇ ಎಂದು ಮಗಳು ಕೇಳಿದಳು. ಖಾತೆಯಲ್ಲಿ ಬೇರೆ ದುಡ್ಡಿದ್ದರೆ ಈ ಊರಿಗೆ ಪೇ ಆರ್ಡರ್ ಈಗಲೇ ಮಾಡಿಕೊಡುತ್ತಿದ್ದೆ, ಕಾಲೇಜಿನವರನ್ನೂ ನಾನೇ ಒಪ್ಪಿಸುತ್ತಿದ್ದೆ ಅಂದಳು ಆ ಹುಡುಗಿ. ಬೇರೆ ದುಡ್ಡು ಎಲ್ಲಿಂದ ಬರಬೇಕು? ಖಾತೆಯಲ್ಲಿ ಉಳಿದಿದ್ದು ಬಸ್ ಚಾರ್ಜಿಗೆ ಸಾಕಾಗುವಷ್ಟು. ನಮ್ಮ ದುಡ್ಡೆಲ್ಲ ಆ ಪ್ಲಾಸ್ಟಿಕ್ಕಿನೊಳಗೆ ಇತ್ತು, ಕಣ್ಣಿಗೆ ಕಾಣುತ್ತಿತ್ತು, ಕೈಗೆ ಸಿಗುತ್ತಿರಲಿಲ್ಲ.

ಪಕ್ಕದಲ್ಲಿ ಕೂತಿದ್ದ ಯಾರೋ ಪುಣ್ಯಾತ್ಮ, ಡಿ.ಡಿ. ಕಳೆದುಹೋಯಿತು ಅಂತ ಬರೆದುಕೊಡಿ, ನಕಲು ಕೊಡ್ತಾರೆ ಅಂತ ಕಿವಿಮಾತು ಹೇಳಿದ. ಅಧಿಕಾರಿ ಹುಡುಗಿ ಕೇಳಿಸಿಕೊಂಡು ತಲೆ ಅಲ್ಲಾಡಿಸಿದಳು. ಕಳೆದಿದ್ದರೆ ಮುಚ್ಚಳಿಕೆ ಬರೆಸಿಕೊಳ್ಳಬೇಕು, ವಿಚಾರಿಸಬೇಕು, ನಕಲು ಕೈಗೆ ಬರಲು ಹದಿನೈದು ದಿನ ಬೇಕಾಗಬಹುದು. ಕಾಗದ ಕೈಯಲ್ಲಿರುವುದೇ ನಿಮ್ಮ ಅದೃಷ್ಟ, ದಯವಿಟ್ಟು ಪ್ಲಾಸ್ಟಿಕ್ ಕೀಳೋಕೆ ಹೋಗಬೇಡಿ ಅಂದಳು. ಅದಕ್ಕೆ ನನ್ನ ಗಂಡ, ಕಾಲೇಜು ಬಿಟ್ಟ ಮೇಲೆ ಮೊದಲ ಸಲ ಬಾಯಿ ತೆರೆದು, ಬಿಸಿ ಲ್ಯಾಮಿನೇಶನ್ ಕಿತ್ತರೆ ಅಕ್ಷರವೂ ಜೊತೆಗೇ ಬರುತ್ತದೆ, ನನಗೆ ಗೊತ್ತು ಅಂದರು. ಅಷ್ಟು ಮೆಲ್ಲಗೆ ಅವರು ಮಾತಾಡಿದ್ದನ್ನು ನಾನು ಕೇಳಿರಲಿಲ್ಲ.

ಊರಿಗೆ ಬರುವಷ್ಟರಲ್ಲಿ ಬ್ಯಾಂಕು ಬಾಗಿಲು ಹಾಕಿತ್ತು. ಭಾವ ಮನೆಗೆ ಬಂದು, ನನ್ನ ಚೆಕ್ ತಗೊಂಡಿದ್ದರೆ ಇಷ್ಟೆಲ್ಲ ಆಗುತ್ತಿತ್ತೇ ಎಂದು ಶುರು ಮಾಡಿದರು. ಮಗಳು, ದೊಡ್ಡಪ್ಪ, ಅದನ್ನೂ ಅಪ್ಪ ಲ್ಯಾಮಿನೇಟ್ ಮಾಡ್ತಿದ್ದ ಅಂದಳು. ಭಾವ ನಕ್ಕರು, ನಾನೂ ನಕ್ಕೆ. ನನ್ನ ಗಂಡ ನಗಲಿಲ್ಲ. ತಟ್ಟೆಯಲ್ಲಿ ಬಡಿಸಿದ್ದು ಹಾಗೇ ಇತ್ತು. ಮಗಳು ಹೋಗಿ ಅವರ ಪಕ್ಕ ಕೂತಳು. ನಾನು ಪಾತ್ರೆ ತೊಳೆಯುತ್ತಾ, ನಾನು ಹೇಳಿದ್ದರಲ್ಲಿ ತಪ್ಪೇನಿದೆ ಅಂತ ನನಗೆ ನಾನೇ ಹೇಳಿಕೊಂಡೆ. ಹೇಳಿಕೊಳ್ಳಬೇಕಾಗಿ ಬಂತಲ್ಲ, ಅಲ್ಲೇ ನನಗೆ ಗೊತ್ತಾಗಬೇಕಿತ್ತು.

ಶುಕ್ರವಾರ ಬ್ಯಾಂಕಿನ ಬಾಗಿಲು ತೆಗೆಯುವಾಗ ಮೆಟ್ಟಿಲ ಮೇಲೆ ನಾವೇ ಮೊದಲು. ಬೋಳುತಲೆಯ ಗುಮಾಸ್ತರು ಡಿ.ಡಿ. ನೋಡಿ ಕನ್ನಡಕ ತೆಗೆದು ಒರೆಸಿಕೊಂಡು ಮತ್ತೆ ನೋಡಿದರು. ಮೂವತ್ತು ವರ್ಷದ ಸರ್ವೀಸಿನಲ್ಲಿ ಹರಿದಿದ್ದು ನೋಡಿದ್ದೇನೆ, ತೊಳೆದಿದ್ದು ನೋಡಿದ್ದೇನೆ, ಇದನ್ನು ನೋಡಿರಲಿಲ್ಲ ಅಂದರು. ನಮ್ಮನ್ನು ಮ್ಯಾನೇಜರ ಕೋಣೆಗೆ ಕರೆದುಕೊಂಡು ಹೋದರು. ಅಲ್ಲಿ ಕಂಪ್ಯೂಟರಿನಲ್ಲಿ ಆ ನಂಬರಿನ ಡಿ.ಡಿ. ಇನ್ನೂ ಪಾವತಿಯಾಗಿಲ್ಲವೆಂದು ಖಾತ್ರಿ ಮಾಡಿಕೊಂಡರು. ನಾನು ಅರ್ಜಿ ಬರೆದೆ. ಕಾರಣ ಎಂಬ ಜಾಗದಲ್ಲಿ ಪೆನ್ನು ನಿಂತಿತು. ನನ್ನ ಗಂಡ ಗೋಡೆಯ ಕಡೆ ಮುಖ ಮಾಡಿದ್ದರು. ಪ್ರಯಾಣದಲ್ಲಿ ಹಾಳಾಗಬಾರದೆಂದು ಲ್ಯಾಮಿನೇಶನ್ ಮಾಡಿಸಿದ್ದರಿಂದ, ಎಂದು ಬರೆದೆ. ಯಾರು ಎಂದು ಬರೆಯಲಿಲ್ಲ.

ಮ್ಯಾನೇಜರು ರದ್ದು ಎಂಬ ಸೀಲನ್ನು ಮಸಿಗೆ ಅದ್ದಿ ಡಿ.ಡಿ.ಯ ಮೇಲೆ ಒತ್ತಿದರು. ಕೈ ತಾಗಿದ್ದೇ ಮಸಿಯೆಲ್ಲ ಜಾರಿ ಅವರ ಅಂಗೈಗೆ ಬಂತು. ಮತ್ತೆ ಒತ್ತಿದರು, ಮತ್ತೆ ಅಂಗೈಗೆ. ಪೆನ್ನಿನಲ್ಲಿ ಗೀಚಿದರು, ಗೆರೆ ಮೂಡಲಿಲ್ಲ. ರದ್ದಾಗದೆ ಹೊಸದು ಬರೆಯುವ ಹಾಗಿಲ್ಲ. ಹತ್ತೂವರೆ ಆಯಿತು. ನಮ್ಮ ಬಸ್ಸು ಹನ್ನೊಂದೂ ಕಾಲಿಗೆ, ಆಮೇಲಿನದು ಹತ್ತಿದರೆ ಮೂರರೊಳಗೆ ತಲುಪುವುದು ಕನಸಿನ ಮಾತು.

"ಸರ್," ಅಂದರು ಗೋಡೆಯ ಕಡೆಯಿಂದ ನನ್ನ ಗಂಡ. "ಅದರ ಮೇಲೆ ಮಸಿ ನಿಲ್ಲಲ್ಲ. ಸಿ.ಡಿ. ಮೇಲೆ ಬರಿಯೋ ಮಾರ್ಕರ್ ಇದ್ದರೆ ಕೊಡಿ, ಒಂದು ಸಲ ಬರೆದರೆ ಹೋಗಲ್ಲ."

ಗುಮಾಸ್ತರು ಡ್ರಾಯರೆಲ್ಲ ತಡಕಿ ಒಂದು ಕಪ್ಪು ಮಾರ್ಕರ್ ತಂದರು. ಮ್ಯಾನೇಜರು ಮೂಲೆಯಿಂದ ಮೂಲೆಗೆ ಎರಡು ಗೆರೆ ಎಳೆದು, ನಡುವೆ ರದ್ದು ಎಂದು ಬರೆದು, ಉಜ್ಜಿ ನೋಡಿದರು. ನಿಂತಿತ್ತು. ನಿಮ್ಮಿಂದ ಒಂದು ವಿದ್ಯೆ ಕಲಿತೆ ಅಂದರು. ನನ್ನ ಗಂಡ ತಲೆ ತಗ್ಗಿಸಿದರು. ರದ್ದತಿಯ ಸಣ್ಣ ಶುಲ್ಕ ಕಳೆದು ದುಡ್ಡು ನನ್ನ ಖಾತೆಗೆ ಮರಳಿತು, ಆ ಕೊರತೆಯನ್ನು ಮಗಳ ಪರ್ಸಿನ ಚಿಲ್ಲರೆಯಿಂದ ತುಂಬಿದೆವು, ಹೊಸ ಡಿ.ಡಿ. ಅಚ್ಚಾಯಿತು. ಎರಡನೇ ಸಹಿ ಹಾಕಬೇಕಾದ ಅಧಿಕಾರಿ ಲಾಕರ್ ಕೋಣೆಯಲ್ಲಿದ್ದರು. ಗುಮಾಸ್ತರೇ ಓಡಿಹೋಗಿ ಸಹಿ ಹಾಕಿಸಿಕೊಂಡು ಬಂದರು. ಆ ವಯಸ್ಸಿನಲ್ಲಿ ಅವರು ಓಡಿದ್ದನ್ನು ನಾನು ಮರೆಯುವುದಿಲ್ಲ.

ಬಸ್ಸಿನಲ್ಲಿ ಕವರನ್ನು ಗಂಡನ ಕಡೆ ಚಾಚಿದೆ. ಬೇಡ, ನೀನೇ ಇಟ್ಟುಕೋ ಅಂದರು. ಹೋಗಲಿ, ಮಗಳಿಗಾದರೂ ದಾಟಿಸಿ ಅಂದೆ, ಅದಕ್ಕೂ ಮುಟ್ಟಲಿಲ್ಲ. ಕೈ ಎರಡನ್ನೂ ತೊಡೆಯ ಕೆಳಗೆ ಇಟ್ಟುಕೊಂಡು ಕಿಟಕಿಯ ಹೊರಗೆ ನೋಡುತ್ತಾ ಕೂತರು. ಇಪ್ಪತ್ತೆರಡು ವರ್ಷ ಆ ಕೈಗಳು ಬಿಸಿ ಯಂತ್ರದ ಪಕ್ಕ ದುಡಿದಿವೆ, ಬೆರಳ ತುದಿಗಳು ಸುಟ್ಟು ಸುಟ್ಟು ಗಟ್ಟಿಯಾಗಿವೆ. ಆ ಕೈಗಳ ಬಗ್ಗೆ ನಾನು ಅಷ್ಟು ಜನರ ಮುಂದೆ ಏನೆಂದೆ! ಮೂರು ಗಂಟೆ ಮಡಿಲಲ್ಲಿ ಕವರು ಇಟ್ಟುಕೊಂಡು ಕೂತಿದ್ದೆ. ತಪ್ಪಾಯಿತು ಅನ್ನಬೇಕೆಂದುಕೊಂಡೆ. ಬಯ್ಯಲು ನನಗೆ ಮಾತು ಹುಡುಕಬೇಕಾಗಿಲ್ಲ, ಇದಕ್ಕೆ ಮಾತ್ರ ಸಿಗುವುದೇ ಇಲ್ಲ.

ಕಾಲೇಜು ತಲುಪಿದಾಗ ಎರಡೂವರೆ. ಕೊನೆಯ ದಿನದ ಸಾಲು ಅಂಗಳದವರೆಗೂ ಇತ್ತು. ಅದು ಇರುವೆಯ ಹಾಗೆ ಸರಿಯಿತು. ಎರಡು ಐವತ್ತಕ್ಕೆ ನಮ್ಮ ಮುಂದೆ ಇನ್ನೂ ಮೂವರು. ಮಗಳು ನನ್ನ ಸೆರಗಿನ ತುದಿ ಹಿಡಿದುಕೊಂಡಿದ್ದಳು, ಶಾಲೆಗೆ ಸೇರಿಸಿದ ದಿನ ಹಿಡಿದ ಹಾಗೆ. ಎರಡು ಐವತ್ತೈದಕ್ಕೆ ಕಿಟಕಿ ನಮಗೆ ಸಿಕ್ಕಿತು.

ಕೌಂಟರಿನವನು ನಮ್ಮ ಗುರುತು ಹಿಡಿದ. ಹೊಸ ಡಿ.ಡಿ.ಯನ್ನು ಬೆರಳಲ್ಲಿ ಸವರಿ ನೋಡಿ ನಕ್ಕ. ಹೆಸರು ಸರಿ, ಊರು ಸರಿ, ಮೊತ್ತ ಸರಿ ಅಂದ. ಆಮೇಲೆ ಅದನ್ನು ಮಗುಚಿ ನಮ್ಮ ಕಡೆ ತಳ್ಳಿ, ಹಿಂಬದಿಗೆ ವಿದ್ಯಾರ್ಥಿನಿಯ ಹೆಸರು, ಅರ್ಜಿ ಸಂಖ್ಯೆ ಬರೆದುಕೊಡಿ, ಬೇರೆಯವರದರ ಜೊತೆ ಬೆರೆತುಹೋಗಬಾರದು ಅಂದ.

ಮಗಳು ಪೆನ್ನು ತೆಗೆದಳು. ತೆಗೆದು ಅಪ್ಪನ ಕಡೆ ಚಾಚಿದಳು.

"ನೀನೇ ಬರಿ ಅಪ್ಪ."

"ನಾನು ಬೇಡಮ್ಮ. ನನ್ನ ಕೈಯಿಂದ ಬೇಡ."

ಗೋಡೆಯ ಗಡಿಯಾರದ ಮುಳ್ಳು ಸರಿಯುತ್ತಿತ್ತು. ಹಿಂದಿನವರು ಬೇಗ ಬೇಗ ಎನ್ನುತ್ತಿದ್ದರು. ಮಗಳು ನನ್ನ ಮುಖ ನೋಡಿದಳು. ಅವಳು ಕೇಳದೆಯೂ ನನಗೆ ಗೊತ್ತಾಯಿತು, ಇದು ನಾನೇ ಬಿಡಿಸಬೇಕಾದ ಗಂಟು ಎಂದು. ನಾನು ಗಂಡನ ಬಲಗೈ ಹಿಡಿದೆ. ನಮ್ಮ ಮದುವೆಯಾದ ಮೇಲೆ ನಾಲ್ಕು ಜನರ ಎದುರು ನಾನು ಹಾಗೆ ಕೈ ಹಿಡಿದದ್ದಿಲ್ಲ. ಆ ಕೈಯನ್ನು ತಂದು ಕಿಟಕಿಯ ಕಟ್ಟೆಯ ಮೇಲೆ ಇಟ್ಟೆ.

"ನಿನ್ನೆ ಇಲ್ಲೇ ನಿಂತು ನಾನು ಅಂದಿದ್ದು ತಪ್ಪು ಕಣ್ರೀ," ಅಂದೆ. ಸಾಲಿಗೆಲ್ಲ ಕೇಳುವ ಹಾಗೇ ಅಂದೆ, ನಿನ್ನೆಯದೂ ಹಾಗೇ ಕೇಳಿಸಿತ್ತಲ್ಲ.

"ನಿಜ ತಾನೇ ಅಂದಿದ್ದು ನೀನು," ಅಂದರು ಅವರು.

"ನಿಜವಾಗಿದ್ದರೂ ತಪ್ಪು. ಬರೀರಿ, ನಿಮ್ಮ ಮಗಳ ಹೆಸರು."

ಅವರು ಅಂಗಿಗೆ ಕೈ ಒರೆಸಿಕೊಂಡರು. ಪೆನ್ನು ಹಿಡಿದು, ಬಗ್ಗಿ, ಒಂದೊಂದೇ ಅಕ್ಷರ ಬರೆದರು. ಅಕ್ಷರ ದುಂಡಗೆ ಬಂತು. ಹಿಂದಿನವರು ಯಾಕೋ ಬೇಗ ಎನ್ನುವುದನ್ನು ನಿಲ್ಲಿಸಿದರು. ಕೌಂಟರಿನವನು ಗಡಿಯಾರ ನೋಡಿದ, ಆಮೇಲೆ ನನ್ನ ಗಂಡನನ್ನು ನೋಡಿದ, ನಿಧಾನವಾಗಿ ಬರೀರಿ, ನೀವು ಸಾಲಿನಲ್ಲಿದ್ದೀರಲ್ಲ, ಪರವಾಗಿಲ್ಲ ಅಂದ. ಮಗಳು ಪಕ್ಕದಲ್ಲಿ ನಿಂತು ಅರ್ಜಿ ಸಂಖ್ಯೆಯ ಒಂದೊಂದೇ ಅಂಕಿ ಹೇಳಿದಳು, ಅವರು ಒಂದೊಂದೇ ಬರೆದರು.

ಸೀಲು ಬಿತ್ತು. ಮಸಿ ಕಾಗದಕ್ಕೆ ಇಳಿದು ಒಣಗುವುದನ್ನು ನಾವು ಮೂವರೂ ಬಗ್ಗಿ ನೋಡಿದೆವು. ರಸೀದಿ ಹರಿದು ಕೊಟ್ಟು ಅವನು, ಅಭಿನಂದನೆಗಳು, ಸೋಮವಾರದಿಂದ ತರಗತಿ ಅಂದ. ಮಗಳು ಅಲ್ಲೇ ಅತ್ತಳು. ನನ್ನ ಗಂಡ ಅವಳ ತಲೆಯ ಮೇಲೆ ಒಂದು ಕೈ ಇಟ್ಟರು. ಇನ್ನೊಂದನ್ನು ನಾನು ಬಿಟ್ಟಿರಲಿಲ್ಲ.